ಟೈರಿಗೆ ನೈಟ್ರೋಜನ್ ಹಾಕಿಸಬೇಕೇ? ಗೇಜ್ ಹಿಡಿದು ನೀವೇ ತೀರ್ಮಾನಿಸುವ ಬಗೆ

ಹೊಸ ಟೈರು ಹಾಕಿಸುವಾಗಲೋ ಸರ್ವಿಸ್ ಮುಗಿದು ಗಾಡಿ ಬಿಡಿಸಿಕೊಳ್ಳುವಾಗಲೋ ಈ ಪ್ರಶ್ನೆ ಬಂದೇ ಬರುತ್ತದೆ: "ನೈಟ್ರೋಜನ್ ಹಾಕೋದಾ ಸಾರ್, ನಾರ್ಮಲ್ ಗಾಳೀನಾ?" ಜೊತೆಗೆ ನೈಟ್ರೋಜನ್‌ನ ಗುಣಗಾನವೂ ಇರುತ್ತದೆ. ಒತ್ತಡ ಇಳಿಯುವುದಿಲ್ಲ, ಟೈರು ಬಿಸಿಯಾಗುವುದಿಲ್ಲ, ಮೈಲೇಜ್ ಹೆಚ್ಚುತ್ತದೆ, ರಿಮ್ ತುಕ್ಕು ಹಿಡಿಯುವುದಿಲ್ಲ, ಟೈರು ಹೆಚ್ಚು ಕಾಲ ಬಾಳುತ್ತದೆ, ಗಾಡಿ ಹಗುರವಾಗುತ್ತದೆ. ಇವುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವಕ್ಕೆ ಆಧಾರವೇ ಇಲ್ಲ. ಆದರೆ ಇವೆಲ್ಲಕ್ಕಿಂತ ಮುಖ್ಯವಾದ ಒಂದು ಪ್ರಶ್ನೆಯನ್ನು ಗ್ರಾಹಕರು ಕೇಳುವುದೇ ಇಲ್ಲ. ದುಡ್ಡು ಕೊಟ್ಟು ಹೊರಬಂದ ಮೇಲೆ ನಿಮ್ಮ ಟೈರಿನೊಳಗೆ ನಿಜವಾಗಿ ಎಷ್ಟು ನೈಟ್ರೋಜನ್ ಇದೆ? ಅದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಈ ಲೇಖನದ ಹೆಚ್ಚಿನ ಭಾಗವನ್ನು ಆ ಲೆಕ್ಕಕ್ಕೂ ಅದಕ್ಕೆ ಮೊದಲು ನೀವೇ ಮಾಡಿಕೊಳ್ಳಬೇಕಾದ ಅಳತೆಗೂ ಮೀಸಲಿಟ್ಟಿದ್ದೇನೆ.

ನೈಟ್ರೋಜನ್‌ನಿಂದ ನಿಜಕ್ಕೂ ಏನು ಲಾಭ?

ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 78ರಷ್ಟು ನೈಟ್ರೋಜನ್, ಅಂದರೆ ಸಾರಜನಕವೇ ಇದೆ. ಆಮ್ಲಜನಕ ಶೇಕಡ 21. ಉಳಿದದ್ದು ಬಹುಪಾಲು ಆರ್ಗಾನ್, ಜೊತೆಗೆ ಹವೆಗೆ ತಕ್ಕಂತೆ ಏರಿಳಿಯುವ ನೀರಾವಿ. ಹಾಗಾಗಿ "ನೈಟ್ರೋಜನ್ ಹಾಕಿಸುವುದು" ಎಂದರೆ ಟೈರಿನೊಳಗಿನ ಆಮ್ಲಜನಕವನ್ನೂ ತೇವವನ್ನೂ ಕಡಿಮೆ ಮಾಡುವುದು, ಅಷ್ಟೇ.

ಆಮ್ಲಜನಕ ಕಡಿಮೆಯಾದರೆ ಒತ್ತಡ ನಿಧಾನವಾಗಿ ಇಳಿಯುತ್ತದೆ ಎಂಬುದು ನಿಜ. ಪಂಕ್ಚರ್ ಇಲ್ಲದ ಟೈರಿನಿಂದಲೂ ಗಾಳಿ ಹೊರಹೋಗುತ್ತಿರುತ್ತದೆ. ಅನಿಲದ ಅಣುಗಳು ರಬ್ಬರಿನೊಳಗೆ ಕರಗಿ, ಅದರ ಮೂಲಕ ಮೆಲ್ಲಗೆ ಸಾಗಿ ಹೊರಗೆ ಸೇರುತ್ತವೆ. ಇದನ್ನು ತಡೆಯಲೆಂದೇ ಟ್ಯೂಬ್‌ಲೆಸ್ ಟೈರಿನ ಒಳಮೈಗೆ ಬ್ಯುಟೈಲ್ ಜಾತಿಯ ರಬ್ಬರಿನ ಪದರ ಇರುತ್ತದೆ, ಆದರೂ ಪೂರ್ತಿ ತಡೆಯಲು ಆಗುವುದಿಲ್ಲ. ಆಮ್ಲಜನಕ ಈ ರಬ್ಬರಿನ ಮೂಲಕ ನೈಟ್ರೋಜನ್‌ಗಿಂತ ಮೂರ್ನಾಲ್ಕು ಪಟ್ಟು ಸುಲಭವಾಗಿ ಸಾಗುತ್ತದೆ. ಗಾಳಿಯಲ್ಲಿ ಅದರ ಪಾಲು ಐದರಲ್ಲಿ ಒಂದೇ ಆದರೂ, ಹೀಗೆ ಸೋರಿಹೋಗುವ ಅನಿಲದಲ್ಲಿ ಸುಮಾರು ಅರ್ಧ ಆಮ್ಲಜನಕವೇ ಆಗಿರುತ್ತದೆ. ಅದನ್ನು ತೆಗೆದುಬಿಟ್ಟರೆ ಸೋರಿಕೆಯೂ ಹೆಚ್ಚುಕಡಿಮೆ ಆ ಪ್ರಮಾಣದಲ್ಲಿ ತಗ್ಗಬೇಕು.

ಪ್ರಯೋಗದಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ. ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ 31 ಜೋಡಿ ಟೈರುಗಳನ್ನು ತೆಗೆದುಕೊಂಡು, ಪ್ರತಿ ಜೋಡಿಯ ಒಂದಕ್ಕೆ ಸಾಮಾನ್ಯ ಗಾಳಿಯನ್ನೂ ಇನ್ನೊಂದಕ್ಕೆ ನೈಟ್ರೋಜನ್ನನ್ನೂ 30 ಪಿಎಸ್‌ಐಗೆ ತುಂಬಿ, ಒಂದು ವರ್ಷ ಹೊರಗೆ ಇಟ್ಟಿತು. ವರ್ಷದ ಕೊನೆಗೆ ಗಾಳಿ ತುಂಬಿದವು ಸರಾಸರಿ 3.5 ಪಿಎಸ್‌ಐ ಇಳಿದಿದ್ದವು, ನೈಟ್ರೋಜನ್ ತುಂಬಿದವು 2.2 ಪಿಎಸ್‌ಐ. ಒಂದು ವರ್ಷಕ್ಕೆ ವ್ಯತ್ಯಾಸ 1.3 ಪಿಎಸ್‌ಐ. ಲಾಭ ಇದೆ, ಆದರೆ ಸಣ್ಣದು. ಇನ್ನೂ ಒಂದು ವಿಷಯ ಇಲ್ಲಿ ಎದ್ದು ಕಾಣುತ್ತದೆ. ನೈಟ್ರೋಜನ್ ತುಂಬಿದ ಟೈರಿನ ಒತ್ತಡವೂ ಇಳಿಯಿತು. "ಒಮ್ಮೆ ಹಾಕಿಸಿದರೆ ಮತ್ತೆ ನೋಡಬೇಕಿಲ್ಲ" ಎಂಬ ಮಾತನ್ನು ನಂಬಿ ಗೇಜ್ ಮುಟ್ಟದೆ ಇರುವವರಿಗೆ ನೈಟ್ರೋಜನ್‌ನಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಮೈಲೇಜ್ ಮಾತನ್ನೂ ಇಲ್ಲೇ ಮುಗಿಸೋಣ. ಟೈರಿನೊಳಗೆ ಯಾವ ಅನಿಲ ಇದೆ ಎಂಬುದರಿಂದ ಇಂಧನ ಉಳಿಯುವುದಿಲ್ಲ, ಸರಿಯಾದ ಒತ್ತಡದಿಂದ ಉಳಿಯುತ್ತದೆ. ಅಮೆರಿಕದ ಇಂಧನ ಇಲಾಖೆ ಕೊಡುವ ಅಂದಾಜಿನಂತೆ ನಾಲ್ಕೂ ಟೈರಿನ ಸರಾಸರಿ ಒತ್ತಡ 1 ಪಿಎಸ್‌ಐ ಇಳಿದರೆ ಮೈಲೇಜ್ ಶೇಕಡ 0.2ರಷ್ಟು ಕುಸಿಯುತ್ತದೆ. ಇಡೀ ವರ್ಷ ಟೈರನ್ನು ಮುಟ್ಟದೆ ಬಿಟ್ಟಿರಿ ಎಂದುಕೊಳ್ಳಿ. ಗಾಳಿಗೂ ನೈಟ್ರೋಜನ್‌ಗೂ ನಡುವಿನ ಅಂತರ ಸೊನ್ನೆಯಿಂದ ಶುರುವಾಗಿ 1.3ಕ್ಕೆ ಮುಟ್ಟುತ್ತದೆ, ವರ್ಷದ ಸರಾಸರಿ ಸುಮಾರು 0.65 ಪಿಎಸ್‌ಐ. ಅಂದರೆ ಶೇಕಡ 0.13. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ವರ್ಷಕ್ಕೆ 12,000 ಕಿಲೋಮೀಟರ್ ಓಡಿದರೆ 800 ಲೀಟರ್ ಬೇಕು. ಅದರಲ್ಲಿ ಉಳಿಯುವುದು ಒಂದು ಲೀಟರ್. ತಿಂಗಳಿಗೊಮ್ಮೆ ಗಾಳಿ ನೋಡಿಸುವ ಅಭ್ಯಾಸ ಇದ್ದರೆ ಆ ಒಂದು ಲೀಟರ್ ವ್ಯತ್ಯಾಸವೂ ಉಳಿಯುವುದಿಲ್ಲ.

ಬಿಸಿಯಾದರೂ ಒತ್ತಡ ಏರುವುದಿಲ್ಲವೇ?

ಏರುತ್ತದೆ. ಮುಚ್ಚಿದ ಪಾತ್ರೆಯಲ್ಲಿರುವ ಒಣ ಅನಿಲ ಯಾವುದೇ ಆಗಿರಲಿ, ಬಿಸಿಯಾದಾಗ ಅದರ ಒತ್ತಡ ಒಂದೇ ಪ್ರಮಾಣದಲ್ಲಿ ಏರುತ್ತದೆ. ಟೈರಿನ ಒತ್ತಡದಲ್ಲಿ ನೈಟ್ರೋಜನ್‌ಗೂ ಒಣ ಗಾಳಿಗೂ ನಿಮ್ಮ ಗೇಜ್ ಗುರುತಿಸಬಲ್ಲ ವ್ಯತ್ಯಾಸವೇ ಇರುವುದಿಲ್ಲ. 33 ಪಿಎಸ್‌ಐ ಇರುವ ಟೈರು 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಎರಡರಲ್ಲೂ ಸುಮಾರು 1.6 ಪಿಎಸ್‌ಐ ಏರಿಕೆ. ಟೈರು ಬಿಸಿಯಾಗುವುದು ಓಡುವಾಗ ರಬ್ಬರು ಮಡಚಿ ಬಿಚ್ಚಿ ಆಗುವುದರಿಂದ. ಒಳಗಿನ ಅನಿಲ ಬದಲಾದರೆ ಆ ಮಡಚುವಿಕೆ ಕಡಿಮೆಯಾಗದು, ಒತ್ತಡ ಸರಿಯಿದ್ದರೆ ಕಡಿಮೆಯಾಗುತ್ತದೆ.

ಈ ಮಾತಿನ ಹಿಂದೆ ಇರುವ ಅರ್ಧ ನಿಜ ನೀರಿನದು. ಗಾಳಿಯೊಂದಿಗೆ ನೀರಿನ ಹನಿಗಳೂ ಟೈರಿನೊಳಗೆ ಹೋಗಿದ್ದರೆ, ಬಿಸಿಯಾದಾಗ ಅವು ಆವಿಯಾಗಿ ಹೆಚ್ಚುವರಿ ಒತ್ತಡ ಕೊಡುತ್ತವೆ. 30 ಡಿಗ್ರಿಯಿಂದ 60 ಡಿಗ್ರಿಗೆ ಏರಿದಾಗ ಒಣ ಅನಿಲ ಸುಮಾರು 4.7 ಪಿಎಸ್‌ಐ ಏರುತ್ತದೆ. ಒಳಗೆ ನೀರು ನಿಂತಿದ್ದರೆ ಅದರ ಮೇಲೆ ಇನ್ನೂ ಎರಡು ಪಿಎಸ್‌ಐಗಿಂತ ಸ್ವಲ್ಪ ಹೆಚ್ಚು ಸೇರುತ್ತದೆ. 30 ಲೀಟರ್ ಒಳಜಾಗ ಇರುವ ಟೈರಿನಲ್ಲಿ ಇದಕ್ಕೆ ಮೂರು ಗ್ರಾಂ ನೀರು ಸಾಕು, ಒಂದು ಚಹಾ ಚಮಚೆಯಷ್ಟೂ ಬೇಡ. ರೇಸ್ ತಂಡಗಳು ಒಣ ಅನಿಲಕ್ಕೆ ಪಟ್ಟು ಹಿಡಿಯುವುದು ಇದಕ್ಕೇ. ಅವರಿಗೆ ಅರ್ಧ ಪಿಎಸ್‌ಐ ಏರಿಳಿದರೂ ತಿರುವಿನಲ್ಲಿ ಕಾರಿನ ಹಿಡಿತ ಬದಲಾಗುತ್ತದೆ.

ಆದರೆ ನೀರು ಬರುವುದು ಸಾಮಾನ್ಯ ಗಾಳಿಯ ಸ್ವಭಾವದಿಂದಲ್ಲ, ಕಂಪ್ರೆಸರ್ ಅನ್ನು ಸರಿಯಾಗಿ ನೋಡಿಕೊಳ್ಳದ್ದರಿಂದ. ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬಿದಾಗ ಅದರಲ್ಲಿದ್ದ ಆವಿ ನೀರಾಗಿ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ತಳದಲ್ಲಿ ಅದನ್ನು ಹೊರಬಿಡುವ ಒಂದು ಪುಟ್ಟ ನಲ್ಲಿ ಇರುತ್ತದೆ. ದಿನಾ ಅದನ್ನು ತೆರೆದು ನೀರು ಬಿಡುವ ಕಡೆ, ಪೈಪಿನಲ್ಲಿ ಬರುವ ಗಾಳಿ ಟೈರಿನ ಕಡಿಮೆ ಒತ್ತಡಕ್ಕೆ ಹಿಗ್ಗಿದಾಗ ಸಾಕಷ್ಟು ಒಣಗಿಯೇ ಇರುತ್ತದೆ. ಬಿಡದ ಕಡೆ ಹನಿಗಳು ಪೈಪಿನೊಳಗೆ ನುಗ್ಗುತ್ತವೆ. ತಿಳಿಯುವ ದಾರಿ ಸರಳ: ಗಾಳಿ ಹಾಕಿಸುವ ಮೊದಲು ಪೈಪಿನ ತುದಿಯನ್ನು ಒಣ ಬಟ್ಟೆಗೋ ಕಾಗದಕ್ಕೋ ಹಿಡಿದು ನಾಲ್ಕೈದು ಸೆಕೆಂಡ್ ಗಾಳಿ ಬಿಡಲು ಹೇಳಿ. ಬಟ್ಟೆಯ ಮೇಲೆ ತೇವದ ಚುಕ್ಕೆಗಳು ಮೂಡಿದರೆ ಆ ಅಂಗಡಿಯ ಗಾಳಿ ಬೇಡ. ರಿಮ್ ಒಳಗಿನಿಂದ ತುಕ್ಕು ಹಿಡಿಯುವ ಮಾತಿಗೂ ಇದೇ ಉತ್ತರ. ಒಣ ಗಾಳಿ ರಿಮ್‌ಗೆ ಹೇಳಿಕೊಳ್ಳುವಂಥ ತೊಂದರೆ ಮಾಡುವುದಿಲ್ಲ. ಹೊರಗಿನ ಮಳೆ, ಕೆಸರಿನಿಂದ ಬರುವ ತುಕ್ಕನ್ನು ಒಳಗಿನ ನೈಟ್ರೋಜನ್ ತಡೆಯಲಾರದು.

ಹಗುರವಾಗುವ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. 30 ಲೀಟರ್ ಒಳಜಾಗದ ಒಂದು ಟೈರಿನಲ್ಲಿರುವ ಗಾಳಿಯ ತೂಕ ಸುಮಾರು 120 ಗ್ರಾಂ, ನೈಟ್ರೋಜನ್ ತುಂಬಿದರೆ ಕಡಿಮೆಯಾಗುವುದು ಮೂರ್ನಾಲ್ಕು ಗ್ರಾಂ.

ಹೆಜ್ಜೆ 1: ತಣ್ಣಗಿರುವಾಗ ಅಳೆಯಿರಿ

ಯಾವ ಅನಿಲ ಎಂದು ನಿರ್ಧರಿಸುವ ಮೊದಲು ನಿಮ್ಮ ಟೈರುಗಳು ಈಗ ಹೇಗಿವೆ ಎಂದು ಗೊತ್ತಿರಬೇಕು. ಸರಿಯಾದ ಒತ್ತಡ ಎಷ್ಟು ಎಂಬುದನ್ನು ಚಾಲಕನ ಬಾಗಿಲು ತೆರೆದರೆ ಪಕ್ಕದ ಕಂಬದ ಮೇಲಿರುವ ಚೀಟಿಯಲ್ಲೋ ವಾಹನದ ಕೈಪಿಡಿಯಲ್ಲೋ ನೋಡಿ. ಟೈರಿನ ಮೈಮೇಲೆ ಅಚ್ಚಾಗಿರುವ ಒತ್ತಡದ ಅಂಕಿ ಆ ಟೈರು ತಡೆಯುವ ಗರಿಷ್ಠ ಒತ್ತಡ, ನಿಮ್ಮ ಗಾಡಿಗೆ ಹೇಳಿದ್ದಲ್ಲ.

ಗಾಡಿ ನಿಂತು ಕನಿಷ್ಠ ಮೂರು ಗಂಟೆ ಆಗಿರಬೇಕು. ಬೆಳಗ್ಗೆ ಬಿಸಿಲು ಬೀಳುವ ಮೊದಲು ಅಳೆಯುವುದು ಎಲ್ಲಕ್ಕಿಂತ ಒಳ್ಳೆಯದು. ನಿಮ್ಮದೇ ಒಂದು ಗೇಜ್ ಇಟ್ಟುಕೊಂಡು ಪ್ರತಿ ಸಲವೂ ಅದರಲ್ಲೇ ಅಳೆಯಿರಿ. ಒಂದೊಂದು ಅಂಗಡಿಯ ಗೇಜ್ ಒಂದೊಂದು ಅಂಕಿ ತೋರಿಸುವುದರಿಂದ ಬೇರೆ ಬೇರೆ ಕಡೆಯ ಅಳತೆಗಳನ್ನು ಹೋಲಿಸಲಾಗದು. ಅಳತೆಯ ಜೊತೆ ಆ ಹೊತ್ತಿನ ಉಷ್ಣಾಂಶವನ್ನೂ ಬರೆದಿಡಿ. ಇದನ್ನು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ದಾರಿ ತಪ್ಪುತ್ತದೆ.

ಹೇಗೆ ಎಂದು ನೋಡಿ. ಮಧ್ಯಾಹ್ನ ಗಾಡಿ 35 ಡಿಗ್ರಿಯ ನೆರಳಿನಲ್ಲಿ ಬಹಳ ಹೊತ್ತು ನಿಂತಿದ್ದಾಗ ನೈಟ್ರೋಜನ್ ಹಾಕಿ 33 ಪಿಎಸ್‌ಐಗೆ ಕೂರಿಸಿದರು. ಮರುದಿನ ಬೆಳಗ್ಗೆ 20 ಡಿಗ್ರಿಯಲ್ಲಿ ನೀವು ಅಳೆದರೆ ಗೇಜ್ 30.7ರ ಸುತ್ತ ತೋರಿಸುತ್ತದೆ. ಒಂದು ಅಣುವೂ ಸೋರಿಲ್ಲ, 15 ಡಿಗ್ರಿ ತಣ್ಣಗಾಗಿದೆ ಅಷ್ಟೇ. ಒಂದೇ ರಾತ್ರಿಯಲ್ಲಿ ಆದ ಈ 2.3 ಪಿಎಸ್‌ಐ ಇಳಿತ, ಆ ಪ್ರಯೋಗದಲ್ಲಿ ನೈಟ್ರೋಜನ್ ಟೈರು ಇಡೀ ವರ್ಷದಲ್ಲಿ ಕಳೆದುಕೊಂಡದ್ದಕ್ಕಿಂತ ಹೆಚ್ಚು. ಇದು ಗೊತ್ತಿಲ್ಲದವರು ನೈಟ್ರೋಜನ್ ಸೋರಿತೆಂದು ಜಗಳಕ್ಕೆ ಹೋಗುತ್ತಾರೆ. ಇದಕ್ಕೆ ತಿರುಗುಮುರುಗಾಗಿ, ಚಳಿಗಾಲದ ಬೆಳಗ್ಗೆ ಗಾಳಿ ಹಾಕಿಸಿ ಬೇಸಿಗೆಯ ಬೆಳಗ್ಗೆ ಅಳೆದು, ಒಂದಿಷ್ಟೂ ಇಳಿದಿಲ್ಲ ಎಂದು ಸಮಾಧಾನಪಡುವವರೂ ಇದ್ದಾರೆ. 33ರ ಆಸುಪಾಸಿನ ಟೈರಿಗೆ ಹತ್ತು ಡಿಗ್ರಿಗೆ 1.6 ಪಿಎಸ್‌ಐ ಎಂದು ನೆನಪಿಟ್ಟರೆ ಸಾಕು. 100 ಪಿಎಸ್‌ಐ ಇರುವ ಲಾರಿ ಟೈರಿಗೆ ಅದು 3.8ರಷ್ಟಾಗುತ್ತದೆ.

ಓಡಿ ಬಂದು ಬಿಸಿಯಾದ ಟೈರಿನಲ್ಲಿ ಅಂಕಿ ಹೆಚ್ಚು ಕಂಡಿತೆಂದು ಗಾಳಿ ಬಿಡಬೇಡಿ. ತಣ್ಣಗಾದ ಮೇಲೆ ಅದು ಕಡಿಮೆಗೆ ಇಳಿದು ಕೂರುತ್ತದೆ.

ಹೆಜ್ಜೆ 2: ಸೋರಿಕೆ ಇದೆಯೇ ಎಂದು ಮೊದಲು ಪತ್ತೆ ಮಾಡಿ

ನಾಲ್ಕೂ ಟೈರನ್ನು ಚೀಟಿಯಲ್ಲಿರುವ ಒತ್ತಡಕ್ಕೆ ಸರಿಮಾಡಿ, ನಾಲ್ಕು ವಾರ ಮುಟ್ಟದೆ ಬಿಟ್ಟು, ಮತ್ತೆ ಅದೇ ಹೊತ್ತಿಗೆ ಅದೇ ಗೇಜಿನಿಂದ ಅಳೆಯಿರಿ. ನಡುವೆ ಯಾವುದಾದರೂ ತೀರಾ ಇಳಿದಂತೆ ಕಂಡರೆ ಕಾಯಬೇಡಿ, ತಕ್ಷಣ ನೋಡಿಸಿ.

ಒಂದು ಉದಾಹರಣೆ. ಮೊದಲ ದಿನ 22 ಡಿಗ್ರಿಯಲ್ಲಿ ನಾಲ್ಕೂ 33 ಇದ್ದವು. ನಾಲ್ಕು ವಾರದ ನಂತರ 20 ಡಿಗ್ರಿಯಲ್ಲಿ ಮೂರು ಟೈರು 32.5 ತೋರಿಸಿದವು, ಹಿಂದಿನ ಎಡಗಡೆಯದು 30. ಎರಡು ಡಿಗ್ರಿ ಇಳಿತಕ್ಕೆ 0.3 ಪಿಎಸ್‌ಐ ಹೋಗುತ್ತದೆ. ಆ ಮೂರು ಟೈರುಗಳು ತಿಂಗಳಿಗೆ ಕಳೆದುಕೊಂಡದ್ದು 0.2ರಷ್ಟು ಮಾತ್ರ, ರಬ್ಬರಿನ ಮೂಲಕ ಸಹಜವಾಗಿ ಹೋಗುವ ಪ್ರಮಾಣ. ನಾಲ್ಕನೆಯದು 2.7 ಕಳೆದುಕೊಂಡಿದೆ. ಅದರಲ್ಲಿ ತೂತಿದೆ, ಇಲ್ಲವೇ ವಾಲ್ವ್ ಹಾಳಾಗಿದೆ, ಇಲ್ಲವೇ ರಿಮ್ ಮತ್ತು ಟೈರು ಕೂಡುವ ಅಂಚಿನಲ್ಲಿ ಸಂದು ಬಿಟ್ಟಿದೆ.

ಟೈರುಗಳನ್ನು ಒಂದಕ್ಕೊಂದು ಹೋಲಿಸುವ ಈ ಕ್ರಮ ನನಗೆ ಎಲ್ಲಕ್ಕಿಂತ ನಂಬಿಕಸ್ತ ಎನಿಸುತ್ತದೆ. ಹವೆ ನಾಲ್ಕಕ್ಕೂ ಒಂದೇ, ಗೇಜ್ ಒಂದೇ. ಒಂದು ಮಾತ್ರ ಹಿಂದೆ ಬಿದ್ದರೆ ಕಾರಣ ಆ ಟೈರಿನಲ್ಲೇ ಇದೆ.

ಅಂಥ ಟೈರಿಗೆ ನೈಟ್ರೋಜನ್ ತುಂಬಿಸಿ ಪ್ರಯೋಜನವಿಲ್ಲ. ರಬ್ಬರಿನ ಮೂಲಕ ಸಾಗುವಾಗ ಇರುವ ವ್ಯತ್ಯಾಸ ತೂತಿನ ಮೂಲಕ ಹೋಗುವಾಗ ಇರುವುದಿಲ್ಲ. ಮೊಳೆಯ ಸಂದಿನಿಂದ ಎರಡೂ ಒಂದೇ ಥರ ನುಗ್ಗಿ ಹೋಗುತ್ತವೆ. ಸೋಪಿನ ನೀರು ಕಲಸಿ ಮೊದಲು ವಾಲ್ವ್ ಬಾಯಿಗೆ, ಆಮೇಲೆ ವಾಲ್ವ್ ರಿಮ್ ಸೇರುವ ಬುಡಕ್ಕೆ, ನಂತರ ಟೈರಿನ ರಸ್ತೆಗೆ ತಾಗುವ ತುಳಿಮೈ ಪೂರ್ತಿ, ಕೊನೆಗೆ ರಿಮ್ ಅಂಚಿನ ಸುತ್ತ ಎರಡೂ ಬದಿಗೆ ಹಚ್ಚಿ. ಸಣ್ಣ ಸೋರಿಕೆಯಲ್ಲಿ ಗುಳ್ಳೆ ತಕ್ಷಣ ಏಳುವುದಿಲ್ಲ. ಒಂದೆರಡು ನಿಮಿಷ ಕಾದರೆ ಬಿಳಿ ನೊರೆ ಒಂದೇ ಜಾಗದಲ್ಲಿ ಮೆಲ್ಲಗೆ ಉಬ್ಬುತ್ತಾ ಹೋಗುವುದು ಕಾಣುತ್ತದೆ. ಮೊಳೆಯ ತಲೆ ತುಳಿಮೈಯ ಸಂದಿನಲ್ಲಿ ಹುದುಗಿ ಕೂತು ಕಣ್ಣಿಗೆ ಬೀಳದೇ ಇದ್ದಾಗ ಅದನ್ನು ತೋರಿಸಿಕೊಡುವುದು ಈ ನೊರೆಯೇ. ವಾಲ್ವ್ ಬಾಯಲ್ಲಿ ಗುಳ್ಳೆ ಬಂದರೆ ಒಳಗಿನ ಪಿನ್ ಸ್ವಲ್ಪ ಬಿಗಿಮಾಡಿದರೆ ಸರಿಹೋಗಬಹುದು, ಇಲ್ಲವಾದರೆ ಬದಲಿಸಬೇಕು. ಹಸಿರು ಮುಚ್ಚಳ ಹಾಕಿದರೆ ಅದು ನೈಟ್ರೋಜನ್ ಟೈರು ಎಂಬ ಗುರುತು ಮಾತ್ರ, ಒಳಗಿನ ಅನಿಲವನ್ನು ಅದು ಹಿಡಿದಿಡುವುದಿಲ್ಲ.

ಹೆಜ್ಜೆ 3: ನಿಜಕ್ಕೂ ಎಷ್ಟು ನೈಟ್ರೋಜನ್ ಸೇರುತ್ತದೆ, ಲೆಕ್ಕ ಹಾಕಿ

ಸೋರಿಕೆ ಇಲ್ಲ, ಆದರೂ ಹಾಕಿಸಬೇಕು ಎನಿಸಿದೆ. ಆಗ ಅಂಗಡಿಯಲ್ಲಿ ನಿಂತು ಗಮನಿಸಬೇಕಾದ್ದು ತುಂಬುವ ಕ್ರಮವನ್ನು.

ಗೇಜ್ ಸೊನ್ನೆ ತೋರಿಸಿದಾಗ ಟೈರು ಖಾಲಿಯಾಗಿರುವುದಿಲ್ಲ. ಹೊರಗಿನ ವಾತಾವರಣದಷ್ಟೇ ಒತ್ತಡದ ಗಾಳಿ, ಅಂದರೆ ಸುಮಾರು 15 ಪಿಎಸ್‌ಐನಷ್ಟು, ಒಳಗೆ ಉಳಿದೇ ಇರುತ್ತದೆ. ಗೇಜ್ ತೋರಿಸುವುದು ಅದರ ಮೇಲಿನ ಲೆಕ್ಕವನ್ನು. ಹಾಗಾಗಿ 33 ತೋರಿಸುವ ಟೈರಿನಲ್ಲಿ ಒಟ್ಟು 48 ಪಾಲು ಅನಿಲ ಇದೆ ಎಂದುಕೊಳ್ಳಿ.

ಗೇಜ್ ಸೊನ್ನೆಗೆ ಬರುವವರೆಗೆ ಗಾಳಿ ಬಿಟ್ಟು, ಆಮೇಲೆ 33ರವರೆಗೆ ಅಪ್ಪಟ ನೈಟ್ರೋಜನ್ ತುಂಬಿದರು ಎಂದುಕೊಳ್ಳೋಣ. ಉಳಿದಿದ್ದ 15 ಪಾಲು ಗಾಳಿಯಲ್ಲಿ ಆಮ್ಲಜನಕ ಸುಮಾರು 3.15 ಪಾಲು. 48ರಲ್ಲಿ ಅದು ಶೇಕಡ 6.6. ಸಿಲಿಂಡರಿನಲ್ಲಿದ್ದುದು ಎಷ್ಟೇ ಶುದ್ಧವಾಗಿದ್ದರೂ ಒಂದೇ ಸಲ ತುಂಬಿದರೆ ಟೈರಿನಲ್ಲಿ ಸಿಗುವುದು ಶೇಕಡ 93ರ ಆಸುಪಾಸು.

ಅನೇಕ ಅಂಗಡಿಗಳಲ್ಲಿ ಇರುವುದು ಸಿಲಿಂಡರ್ ಅಲ್ಲ, ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸುವ ಜನರೇಟರ್. ಅದರಿಂದ ಶೇಕಡ 95ರ ನೈಟ್ರೋಜನ್ ಬರುತ್ತಿದೆ ಎಂದಿಟ್ಟುಕೊಳ್ಳಿ. ಆಗ ತುಂಬಿದ 33 ಪಾಲಿನಲ್ಲೂ 1.65 ಪಾಲು ಆಮ್ಲಜನಕ ಇರುತ್ತದೆ. ಮೊದಲಿನ 3.15ಕ್ಕೆ ಇದನ್ನು ಸೇರಿಸಿದರೆ 4.8 ಪಾಲು, ಅಂದರೆ ಶೇಕಡ 10. ಮತ್ತೊಮ್ಮೆ ಪೂರ್ತಿ ಬಿಟ್ಟು ತುಂಬಿದರೆ ಶೇಕಡ 6.6ಕ್ಕೆ ಇಳಿಯುತ್ತದೆ, ಮೂರನೆಯ ಸಲಕ್ಕೆ 5.5ಕ್ಕೆ. ಆ ಮೇಲೆ ಎಷ್ಟು ಸಲ ಮಾಡಿದರೂ ಜನರೇಟರ್ ಕೊಡುವ 5ಕ್ಕಿಂತ ಕೆಳಗೆ ಹೋಗದು. ಎರಡು ಸಲ ಬಿಟ್ಟು ತುಂಬಿಸುವುದು ಸಮಂಜಸ, ಮೂರನೆಯ ಸಲದಿಂದ ಸಿಗುವುದು ಅತ್ಯಲ್ಪ.

ಈಗ ಬಹಳ ಕಡೆ ನಡೆಯುವುದನ್ನು ನೋಡಿ. ಟೈರಿನಲ್ಲಿ 28 ಇದೆ, ಹಳೆಯ ಗಾಳಿಯನ್ನು ಬಿಡದೆ ಅದರ ಮೇಲೆಯೇ ನೈಟ್ರೋಜನ್ ಹಾಕಿ 33ಕ್ಕೆ ತಂದರು. ಮೊದಲಿದ್ದ 43 ಪಾಲು ಗಾಳಿಯಲ್ಲಿ ಆಮ್ಲಜನಕ 9 ಪಾಲು. ಹೊಸದಾಗಿ ಬಂದ 5 ಪಾಲಿನಲ್ಲಿ ಕಾಲು ಪಾಲು. ಒಟ್ಟು 48ರಲ್ಲಿ 9.3, ಅಂದರೆ ಶೇಕಡ 19ಕ್ಕೂ ಹೆಚ್ಚು. 21 ಇದ್ದದ್ದು 19 ಆಯಿತು, ಅಷ್ಟೇ. ಗ್ರಾಹಕ ನೈಟ್ರೋಜನ್‌ಗೆ ದುಡ್ಡು ಕೊಟ್ಟು, ಹಸಿರು ಮುಚ್ಚಳ ಹಾಕಿಸಿಕೊಂಡು, ಸಾಮಾನ್ಯ ಗಾಳಿಯಲ್ಲೇ ಗಾಡಿ ಓಡಿಸುತ್ತಾನೆ. ಇದು ನನಗೆ ಬೇಸರ ತರಿಸುವ ವಿಷಯ. ಹೇಳಿದ ಲಾಭವೇ ಸಣ್ಣದು, ಹೀಗೆ ಮಾಡಿದರೆ ಅದೂ ಕೈಗೆ ಬರುವುದಿಲ್ಲ.

ಸರಿಯಾಗಿ ಮಾಡುತ್ತಿದ್ದಾರೆಯೇ ಎಂದು ಕಣ್ಣಿಗೇ ತಿಳಿಯುತ್ತದೆ. ಟೈರಿನ ಗಾಳಿ ಪೂರ್ತಿ ಬಿಡಬೇಕಾದರೆ ಗಾಡಿಯನ್ನು ಲಿಫ್ಟಿನಲ್ಲೋ ಜಾಕಿನಲ್ಲೋ ಎತ್ತಿರಬೇಕು. ನೆಲದ ಮೇಲೆ ನಿಂತ ಗಾಡಿಯ ಗಾಳಿ ಬಿಟ್ಟರೆ ಭಾರಕ್ಕೆ ಟೈರಿನ ಬದಿ ನಜ್ಜಾಗುತ್ತದೆ, ಅಂಚು ರಿಮ್‌ನಿಂದ ಸರಿಯಲೂಬಹುದು. ವಾಲ್ವಿನ ಪಿನ್ ಬಿಚ್ಚಿ ಗಾಳಿ ಬಿಡುವುದು, ತುಂಬುವುದು, ಮತ್ತೆ ಬಿಡುವುದು, ಮತ್ತೆ ತುಂಬುವುದು, ಇಷ್ಟಕ್ಕೆ ನಾಲ್ಕು ಟೈರಿಗೆ ಸಾಕಷ್ಟು ಹೊತ್ತು ಹಿಡಿಯುತ್ತದೆ. ಗಾಡಿ ನೆಲದ ಮೇಲೆಯೇ ಇದ್ದು, ಒಂದೊಂದು ಟೈರಿಗೂ ಪೈಪು ಕೆಲವು ಸೆಕೆಂಡ್ ಹಿಡಿದು ಮುಗಿಸಿದರೆ ನಿಮಗೆ ಸಿಕ್ಕಿದ್ದು ಮೇಲೆ ಹೇಳಿದ ಶೇಕಡ 19ರ ಟೈರು.

ಕೆಲವರ ಬಳಿ ಆಮ್ಲಜನಕ ಅಳೆಯುವ ಕೈ ಉಪಕರಣ ಇರುತ್ತದೆ. ಇದ್ದರೆ ತೋರಿಸಲು ಕೇಳಿ, ಆದರೆ ಟೈರಿಗೆ ಹಿಡಿಯುವ ಮೊದಲು ಹೊರಗಿನ ಗಾಳಿಯಲ್ಲಿ ಅದು 20.9 ತೋರಿಸುತ್ತದೆಯೇ ನೋಡಿ. ತೋರಿಸದಿದ್ದರೆ ಆ ಉಪಕರಣದ ಯಾವ ಅಂಕಿಯನ್ನೂ ನಂಬುವಂತಿಲ್ಲ. ತುಂಬಿದ ಟೈರಿನಲ್ಲಿ ಆಮ್ಲಜನಕ 7ಕ್ಕಿಂತ ಕಡಿಮೆ ಬಂದರೆ ಕೆಲಸ ಚೆನ್ನಾಗಿ ಆಗಿದೆ.

ಹೆಜ್ಜೆ 4: ನಿಮಗೆ ಬೇಕೇ ಎಂದು ನಿರ್ಧರಿಸಿ

ನೈಟ್ರೋಜನ್ ಬೇಕೇ ಬೇಕು ಎನ್ನುವ ಜಾಗ ವಿಮಾನದ ಚಕ್ರ. 1986ರ ಮಾರ್ಚ್ 31ರಂದು ಮೆಕ್ಸಿಕಾನಾ ಸಂಸ್ಥೆಯ ಬೋಯಿಂಗ್ 727 ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ಚಕ್ರದ ಗೂಡಿನಲ್ಲಿ ಟೈರು ಸಿಡಿಯಿತು. ಹಿಡಿದುಕೊಂಡಿದ್ದ ಬ್ರೇಕಿನಿಂದ ವಿಪರೀತ ಬಿಸಿಯಾಗಿದ್ದ ಆ ಟೈರಿನಲ್ಲಿ ನೈಟ್ರೋಜನ್ ಬದಲು ಸಾಮಾನ್ಯ ಗಾಳಿ ತುಂಬಲಾಗಿತ್ತು. ಸಿಡಿತಕ್ಕೆ ಇಂಧನದ ಕೊಳವೆಗಳು ಹರಿದು ಬೆಂಕಿ ಹತ್ತಿ, ವಿಮಾನದಲ್ಲಿದ್ದ 167 ಮಂದಿಯೂ ತೀರಿಕೊಂಡರು. ರಬ್ಬರು ಅಷ್ಟೊಂದು ಬಿಸಿಯಾದಾಗ ಅದರಿಂದ ಹೊರಡುವ ಆವಿಗಳು ಒಳಗಿನ ಆಮ್ಲಜನಕದೊಂದಿಗೆ ಸೇರಿ ಸಿಡಿಯಬಲ್ಲವು. ಅಮೆರಿಕದ ವಿಮಾನಯಾನ ನಿಯಮದಲ್ಲಿ ಭಾರಿ ವಿಮಾನಗಳ ಬ್ರೇಕ್ ಇರುವ ಚಕ್ರಗಳ ಟೈರಿನೊಳಗೆ ಆಮ್ಲಜನಕ ಶೇಕಡ 5 ಮೀರಬಾರದು ಎಂದಿರುವುದು ಈ ಅಪಾಯಕ್ಕಾಗಿ. ಈ ಕತೆಯ ಒಂದು ತುಣುಕನ್ನು ಹಿಡಿದು "ವಿಮಾನಕ್ಕೂ ಇದನ್ನೇ ಹಾಕುತ್ತಾರೆ" ಎಂದು ಕಾರಿನವರಿಗೆ ಮಾರುತ್ತಾರೆ. ಸಾಮಾನ್ಯ ಓಡಾಟದಲ್ಲಿ ಕಾರಿನ ಟೈರು ಆ ಬಿಸಿಯ ಹತ್ತಿರಕ್ಕೂ ಹೋಗುವುದಿಲ್ಲ.

ಟೈರಿನ ಬಾಳಿಕೆಯ ಮಾತು ಸ್ವಲ್ಪ ಗಂಭೀರವಾಗಿ ಯೋಚಿಸುವಂಥದ್ದು. ಒತ್ತಡದಲ್ಲಿರುವ ಆಮ್ಲಜನಕ ಒಳಗಿನಿಂದ ರಬ್ಬರಿನೊಳಗೆ ಇಳಿಯುತ್ತಾ ವರ್ಷಗಟ್ಟಲೆ ಅದನ್ನು ಗಡುಸಾಗಿಸುತ್ತದೆ. 33 ಪಿಎಸ್‌ಐ ಗಾಳಿ ತುಂಬಿದ ಟೈರಿನಲ್ಲಿ ಆಮ್ಲಜನಕದ ಒತ್ತಡ ಹೊರಗಿಗಿಂತ ಮೂರು ಪಟ್ಟಿಗೂ ಹೆಚ್ಚು. ಅದನ್ನು ತೆಗೆದರೆ ಒಳಗಿನಿಂದ ಆಗುವ ಮುಪ್ಪು ನಿಧಾನವಾಗುವುದು ನಿಜ. ಆದರೆ ದಿನಾ ಓಡುವ ಕಾರಿನಲ್ಲಿ ರಬ್ಬರು ಮುಪ್ಪಾಗುವ ಮೊದಲೇ ತುಳಿಮೈ ಸವೆದು ಟೈರು ಬದಲಿಸುವ ಹೊತ್ತು ಬಂದಿರುತ್ತದೆ. ಹೊರಗಿನಿಂದ ಬಿಸಿಲು, ಓಜೋನ್ ಮಾಡುವ ಹಾನಿಗೂ ನೈಟ್ರೋಜನ್ ಅಡ್ಡ ಬರುವುದಿಲ್ಲ. ಹಾಗಾಗಿ ಈ ಲಾಭ ಲೆಕ್ಕಕ್ಕೆ ಬರುವುದು ಸವೆಯುವ ಮೊದಲೇ ಹಳತಾಗುವ ಟೈರುಗಳಲ್ಲಿ: ತಿಂಗಳುಗಟ್ಟಲೆ ನಿಲ್ಲುವ ಹಳೆಯ ಕಾಲದ ಕಾರು, ಅಪರೂಪಕ್ಕೆ ಹೊರಡುವ ಟ್ರೇಲರ್, ಡಿಕ್ಕಿಯಲ್ಲಿ ವರ್ಷಗಟ್ಟಲೆ ಕೂರುವ ಸ್ಟೆಪ್ನಿ. ಒಂದೇ ಟೈರನ್ನು ಮತ್ತೆ ಮತ್ತೆ ರೀಟ್ರೆಡ್ ಮಾಡಿಸಿ ಓಡಿಸುವ ಲಾರಿಯವರಿಗೂ ಒಳಗಿನ ರಬ್ಬರು ಹಾಳಾಗದೆ ಉಳಿಯುವುದು ಮುಖ್ಯ.

ಇಂಥ ಗಾಡಿ ನಿಮ್ಮದಾಗಿದ್ದರೆ, ಅಥವಾ ನಿಮ್ಮ ಅಂಗಡಿಯವರು ಉಚಿತವಾಗಿ ಸರಿಯಾದ ಕ್ರಮದಲ್ಲಿ ಹಾಕಿಕೊಟ್ಟರೆ, ಧಾರಾಳವಾಗಿ ಹಾಕಿಸಿ. ದಿನಬಳಕೆಯ ಗಾಡಿಗೆ ದುಡ್ಡು ಕೊಟ್ಟು ಹಾಕಿಸುವುದಕ್ಕಿಂತ ಅದೇ ದುಡ್ಡಿನಲ್ಲಿ ಒಂದು ಒಳ್ಳೆಯ ಗೇಜ್ ಕೊಳ್ಳಿ ಎಂದೇ ನನ್ನ ಸಲಹೆ.

ಹೆಜ್ಜೆ 5: ಹಾಕಿಸಿದ ಮೇಲೆ

ಅಳೆಯುವುದನ್ನು ನಿಲ್ಲಿಸಬೇಡಿ. ತಿಂಗಳಿಗೊಮ್ಮೆ, ದೂರದ ಪ್ರಯಾಣಕ್ಕೆ ಮೊದಲು, ಹವೆ ದಿಢೀರನೆ ಬದಲಾದಾಗ, ತಣ್ಣಗಿರುವ ಟೈರಿನಲ್ಲಿ ನೋಡಿ. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪವನ್ನು ನಂಬಿ ಕೂರುವುದು ಸಾಲದು. ಅಮೆರಿಕದ ನಿಯಮದ ಪ್ರಕಾರ ಆ ದೀಪ ಹೊತ್ತಲೇಬೇಕಾದದ್ದು ಒತ್ತಡ ಹೇಳಿದ್ದಕ್ಕಿಂತ ಶೇಕಡ 25ರಷ್ಟು ಇಳಿದಾಗ. 33 ಇರಬೇಕಾದ ಟೈರು 25ರ ಹತ್ತಿರ ಬರುವವರೆಗೂ ಅದು ಸುಮ್ಮನಿರಬಹುದು. ಗೇಜ್ ಅದಕ್ಕೆ ಬಹಳ ಮೊದಲೇ ಹೇಳಿಬಿಡುತ್ತದೆ.

ನೈಟ್ರೋಜನ್ ಇರುವ ಟೈರಿಗೆ ಸಾಮಾನ್ಯ ಗಾಳಿ ಬೆರೆಸಬಾರದು ಎಂಬ ಹೆದರಿಕೆಯಿಂದ ಕೆಲವರು ಕಡಿಮೆ ಒತ್ತಡದಲ್ಲೇ ಗಾಡಿ ಓಡಿಸಿಕೊಂಡು ನೈಟ್ರೋಜನ್ ಸಿಗುವ ಅಂಗಡಿ ಹುಡುಕುತ್ತಾರೆ. ಇದು ಅಪಾಯಕಾರಿ, ಮತ್ತು ಅನಗತ್ಯ. ಎರಡೂ ಬೆರೆತರೆ ಏನೂ ಆಗುವುದಿಲ್ಲ, ಗಾಳಿಯಲ್ಲಿ ಅವು ಬೆರೆತೇ ಇವೆ. ಆಮ್ಲಜನಕ ಶೇಕಡ 5 ಇದ್ದ ಟೈರು 31ಕ್ಕೆ ಇಳಿದಾಗ ಸಾಮಾನ್ಯ ಗಾಳಿ ಹಾಕಿ 33ಕ್ಕೆ ತಂದರೆ ಆಮ್ಲಜನಕ 5.7 ಆಗುತ್ತದೆ, ಅಷ್ಟೇ. ಹತ್ತಿರದಲ್ಲಿ ಎಲ್ಲಿ ಒಣ ಗಾಳಿ ಸಿಗುತ್ತದೋ ಅಲ್ಲೇ ತುಂಬಿಸಿಕೊಂಡು ಮುಂದೆ ಹೋಗಿ. ಪಂಕ್ಚರ್ ಹಾಕಿಸಿದಾಗ ಮಾತ್ರ ಒಳಗಿನದ್ದೆಲ್ಲ ಹೊರಹೋಗಿರುತ್ತದೆ. ನೈಟ್ರೋಜನ್ ಮುಂದುವರಿಸಬೇಕೆಂದಿದ್ದರೆ ಆ ಒಂದು ಟೈರಿಗೆ ಎರಡು ಸಲ ಬಿಟ್ಟು ತುಂಬಿಸುವ ಕ್ರಮವನ್ನು ಮತ್ತೆ ಮಾಡಿಸಬೇಕು.